ಕಪ್ಲರ್ ಕಚ್ಚಿಕೊಂಡ ಜಾರು

ಮಿಕ್ಸಿಯ ಜಾರು ಕೆಟ್ಟಿದ್ದರಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಆದರೆ ದಿವ್ಯಶ್ರೀ ಅದನ್ನು ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಳಲ್ಲ, ಅದು ಉಮಾಮಹೇಶ್ವರಿಯ ಮನಸ್ಸಿನಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ಇಬ್ಬರದೂ ಎದುರುಬದುರು ಮನೆ. ಮೂರು ವರ್ಷದಿಂದ ಇಬ್ಬರೂ ಸೇರಿ ಪುಳಿಯೋಗರೆ ಗೊಜ್ಜು ಮಾಡಿ ಮಾರುತ್ತಿದ್ದರು. ಡಬ್ಬಿಯ ಮೇಲೆ 'ಈರುಳ್ಳಿ, ಬೆಳ್ಳುಳ್ಳಿ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದು ಉಮಾ. ಕೊಳ್ಳುವವರು ಹೆಚ್ಚಿನವರು ಮಡಿ-ಮೈಲಿಗೆಯ ಮನೆಯವರು. ಮಸಾಲೆ ಹುರಿಯುವುದು ಉಮಾ, ರುಬ್ಬುವುದು ದಿವ್ಯಾ. ದೊಡ್ಡ ಮಿಕ್ಸಿ ಇದ್ದದ್ದೂ ದಿವ್ಯಾಳ ಮನೆಯಲ್ಲೇ.

ಹೋದ ವಾರ ಶಿವಮೊಗ್ಗದಿಂದ ಸಂಸ್ಕೃತ ಮೇಷ್ಟ್ರು ನಿರಂಜನ ಅವರ ಹೆಂಡತಿ ಸೀತಾ ಫೋನ್ ಮಾಡಿದ್ದರು. "ಉಮಾ, ಬೇಜಾರು ಮಾಡ್ಕೋಬೇಡಿ. ಈ ಸಲದ ಗೊಜ್ಜಲ್ಲಿ ಬೆಳ್ಳುಳ್ಳಿ ವಾಸನೆ ಬರ್ತಿದೆ. ಇವರು ಮುಟ್ಟಲೇ ಇಲ್ಲ."

ಉಮಾಳಿಗೆ ಕೂಡಲೇ ನೆನಪಾದದ್ದು ದಿವ್ಯಾಳ ಗಂಡ ಸುನಿಲ. ಅವನಿಗೆ ಬೆಳ್ಳುಳ್ಳಿ ಚಟ್ನಿ ಇಲ್ಲದೆ ಊಟ ಇಳಿಯುವುದಿಲ್ಲ. ಮನೆಬಳಕೆಗೆ ಬೇರೆ ಜಾರು ಇದೆ ಎಂದು ದಿವ್ಯಾ ಹೇಳುತ್ತಿದ್ದಳು. ಬಾಗಿಲು ಹಾಕಿದ ಮೇಲೆ ಯಾವ ಜಾರು ತಿರುಗುತ್ತದೆ ಎಂದು ಕಂಡವರಾರು? "ನಂದಲ್ಲ ಸೀತಮ್ಮ, ರುಬ್ಬೋಳ ಮನೇಲಿ ಏನಾದ್ರೂ ಬೆರೆತಿರಬೇಕು," ಎಂದು ಉಮಾ ತಟ್ಟನೆ ಅಂದುಬಿಟ್ಟಿದ್ದಳು. ಅದಾದ ಮೂರನೆಯ ದಿನವೇ ಜಾರಿನ ಬ್ಲೇಡು ಅಲುಗದಂತೆ ಕಚ್ಚಿಕೊಂಡಿತು. ಜಾರು ಮಂಚದ ಕೆಳಗೆ ಸೇರಿತು, ಅಲ್ಲೇ ಉಮಾಳ ಕಣ್ಣಿಗೂ ಬಿತ್ತು.

ಭದ್ರಾವತಿಯ ರಿಪೇರಿಯವರೆಲ್ಲ ಸುನಿಲನಿಗೆ ಪರಿಚಯ. ಅದಕ್ಕೇ ಉಮಾ, "ಶಿವಮೊಗ್ಗಕ್ಕೆ ತಗೊಂಡು ಹೋಗ್ತೀನಿ, ಆಲ್ಕೊಳದಲ್ಲಿ ಒಬ್ಬರಿದಾರೆ," ಅಂದಳು.

"ನಾನೂ ಬರ್ತೀನಿ ಅಕ್ಕ," ಎಂದು ದಿವ್ಯಾ ಚಪ್ಪಲಿ ಮೆಟ್ಟಿಯೇಬಿಟ್ಟಳು. ಜಾರಿನ ಹಿಂದೆಯೇ ಯಾಕೆ ಬರಬೇಕು ಇವಳು? ಬಸ್ಸಿನಲ್ಲಿ ಉಮಾ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಆಲ್ಕೊಳ ಸರ್ಕಲ್ಲಿನ ಪಕ್ಕದ ಮುಸ್ತಕೀಮನ ಅಂಗಡಿ ಒಂದು ಬಾಗಿಲಿನದು. ಅವನು ಜಾರನ್ನು ಬೋರಲು ಹಾಕಿ, ತಳದ ಕಪ್ಲರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮಿಕ್ಸಿಯ ಮೋಟರಿಗೆ ಕೂತು ಬ್ಲೇಡನ್ನು ತಿರುಗಿಸುವ ಕಪ್ಪು ಪ್ಲಾಸ್ಟಿಕ್ ಬಿಲ್ಲೆ ಅದು. ಅದೂ ಅಲುಗಲಿಲ್ಲ, ಒಳಗೆ ಬ್ಲೇಡೂ ಅಲುಗಲಿಲ್ಲ.

"ಇದಕ್ಕೆ ಯಾರೋ ಇಕ್ಕಳ ಹಾಕಿದಾರಲ್ಲ?" ಅಂಚಿನಲ್ಲಿ ಹಲ್ಲಿನ ಗುರುತುಗಳಿದ್ದವು.

ಉಮಾ ದಿವ್ಯಾಳ ಮುಖ ನೋಡಿದಳು. ದಿವ್ಯಾ ರಸ್ತೆ ನೋಡಿದಳು. "ನಂಗೊತ್ತಿಲ್ಲಪ್ಪ."

ಮುಸ್ತಕೀಮ ಲೋಟದಿಂದ ಜಾರಿಗೆ ಬಿಸಿನೀರು ಹುಯ್ದು ಸ್ವಲ್ಪ ಹೊತ್ತು ಬಿಟ್ಟ. ಆಮೇಲೆ ನೀರು ಚೆಲ್ಲಿ, ಮತ್ತೆ ಬೋರಲು ಹಾಕಿ, ಕಪ್ಲರಿನ ನಡುವೆ ಬ್ಲೇಡಿನ ಕಡ್ಡಿಯ, ಅಂದರೆ ಶಾಫ್ಟಿನ, ತುದಿ ಕಾಣುವ ಕಡೆ ತುಕ್ಕು ಬಿಡಿಸುವ ಎಣ್ಣೆಯ ನಾಲ್ಕು ಹನಿ ಬಿಟ್ಟ. "ಕುಡೀಲಿ. ಅವಸರ ಮಾಡಿದ್ರೆ ಶಾಫ್ಟೇ ಮುರಿಯುತ್ತೆ."

ಅರ್ಧ ಗಂಟೆ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತರು. ಆಮೇಲೆ ಮುಸ್ತಕೀಮ ಬಾಯಿ ಸೀಳಿದ ಕಬ್ಬಿಣದ ಕೊಳವೆಯೊಂದನ್ನು ಮೇಜಿಗೆ ಬಿಗಿದ ವೈಸಿನ ದವಡೆಯಲ್ಲಿ ನಿಲ್ಲಿಸಿ ಕಚ್ಚಿಸಿದ. ಜಾರನ್ನು ಅದರ ಮೇಲೆ ಬೋರಲು ಇಳಿಸಿದಾಗ ಬ್ಲೇಡಿನ ರೆಕ್ಕೆಗಳು ಆ ಸೀಳಿನಲ್ಲಿ ಕೂತವು. ಬ್ಲೇಡು ಗಟ್ಟಿ ನಿಂತಿತು. ಅವನು ಕಪ್ಲರಿಗೆ ಇಕ್ಕಳ ಹಾಕಿ ತಿರುಗಿಸತೊಡಗಿದ, ನಲ್ಲಿ ಮುಚ್ಚುವ ದಿಕ್ಕಿಗೆ.

"ಏನ್ರೀ, ಬಿಚ್ಚಿ ಅಂದ್ರೆ ಬಿಗೀತಿದೀರಲ್ಲ!" ಉಮಾ ಎದ್ದು ನಿಂತಳು. ಇವನೂ ಇವಳ ಕಡೆಯವನೇ ಇರಬೇಕೆಂಬ ಯೋಚನೆ ಒಂದು ಕ್ಷಣ ಸುಳಿಯಿತು.

"ಇಲ್ಲಮ್ಮ, ಇದು ಉಲ್ಟಾ ಥ್ರೆಡ್ಡು. ಮಿಕ್ಸಿ ಓಡೋ ದಿಕ್ಕಿಗೆ ಬಿಗಿಯೋ ಹಾಗೆ ಮಾಡಿರ್ತಾರೆ, ಇಲ್ಲಾಂದ್ರೆ ಓಡ್ತಾ ಓಡ್ತಾನೇ ಬಿಚ್ಚಿ ಬೀಳುತ್ತೆ. ಬಾಟ್ಲಿ ಮುಚ್ಚಳ ತೆಗೆಯೋ ಹಾಗೆ ತಿರುಗಿಸಿದ್ರೆ ಇನ್ನೂ ಬಿಗಿಯುತ್ತೆ. ಇಕ್ಕಳ ಹಾಕಿದೋರು ಅದನ್ನೇ ಮಾಡಿದಾರೆ."

ಎಷ್ಟು ತಿಣುಕಿದರೂ ಕಪ್ಲರು ಮಿಸುಕಲಿಲ್ಲ. ಅಂಚು ಪುಡಿಯಾಗಿ ಉದುರಿತು. ಮುಸ್ತಕೀಮ ಇಕ್ಕಳ ಕೆಳಗಿಟ್ಟ. "ಇದನ್ನ ಕೊಯ್ಯಬೇಕು. ಪ್ಲಾಸ್ಟಿಕ್ ಹೋದ್ರೆ ಹೊಸದು ಹಾಕ್ಬಹುದು. ಶಾಫ್ಟು, ಬ್ಲೇಡು ಉಳಿದ್ರೆ ಸಾಕು."

"ಬೇಡ!" ದಿವ್ಯಾ ಸಟ್ಟನೆ ಅಂದಳು. "ಹೊಸ ಜಾರೇ ತಗೊಳ್ಳೋಣ ಅಕ್ಕ. ಇದನ್ಯಾಕೆ ಇಷ್ಟು ಕೆದಕೋದು?"

"ಕೊಯ್ರಿ," ಅಂದಳು ಉಮಾ. ಈಗಂತೂ ಅವಳಿಗೆ ಸಂಶಯವೇ ಉಳಿದಿರಲಿಲ್ಲ.

ಹ್ಯಾಕ್ಸಾ ಗರಗಸ ಕಪ್ಲರಿನ ಒಂದು ಪಕ್ಕದಲ್ಲಿ ಇಳಿಯಿತು. ಲೋಹ ತಾಗುವ ಮೊದಲೇ ಅವನು ನಿಲ್ಲಿಸಿ, ಸೀಳಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಿದ. ಕಪ್ಲರು ಟಪ್ಪೆಂದು ಎರಡು ಹೋಳಾಯಿತು. ಥ್ರೆಡ್ಡಿಗೆ ಪೆಟ್ಟಾಗದಂತೆ ಶಾಫ್ಟಿನ ತುದಿಗೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಐದಾರು ಪೆಟ್ಟಿಗೆ ಬ್ಲೇಡು ಶಾಫ್ಟಿನ ಸಮೇತ ಜಾರಿನೊಳಕ್ಕೆ ಸರಿದು ಕಳಚಿಕೊಂಡಿತು. ಶಾಫ್ಟು ತಿರುಗುವ ಹಿತ್ತಾಳೆಯ ಬುಷ್ಷಿನೊಳಗೆಲ್ಲ ಡಾಂಬರಿನಂಥ ಕರಿ ಅಂಟು.

ಉಮಾ ಅದನ್ನು ಬೆರಳಲ್ಲಿ ತೆಗೆದು ಮೂಸಿದಳು. ಎಣ್ಣೆಯ ವಾಸನೆಯ ಹಿಂದೆಯೇ ಘಮ್ಮೆಂದು ಬೆಳ್ಳುಳ್ಳಿ.

"ನೋಡೇ! ಮೂಸು! ಈಗೇನು ಹೇಳ್ತೀಯ?"

ದಿವ್ಯಾ ಅಳಲಿಲ್ಲ. ಅಂಟನ್ನು ತಾನೂ ತೆಗೆದುಕೊಂಡು, ಲೋಟದಲ್ಲಿ ಉಳಿದಿದ್ದ ನೀರಿಗೆ ಹಾಕಿ ಬೆರಳಿನಿಂದ ಕದಡಿದಳು. ಬೆಲ್ಲ ಕರಗಿ ನೀರು ಕೆಂಪಾಯಿತು. ಹುಣಸೆಯ ನಾರು ತೇಲಿತು. ತಳದಲ್ಲಿ ಸಾಸಿವೆ ಗಾತ್ರದ ಎರಡು ಹಳದಿ ಹರಳು ಉಳಿದವು. ಒಂದನ್ನು ಉಗುರಲ್ಲಿ ಒಡೆದು ಉಮಾಳ ಮೂಗಿನ ಹತ್ತಿರ ಹಿಡಿದಳು.

ಇಂಗು. ಸರಿಯಾಗಿ ಹುರಿಯದ ಗಟ್ಟಿ ಇಂಗು.

ಹೋದ ತಿಂಗಳು ಪುಡಿ ಇಂಗು ಬಿಟ್ಟು ಗಟ್ಟಿ ಇಂಗು ತಂದವಳು ಉಮಾಳೇ. ಎಣ್ಣೆಯಲ್ಲಿ ಅರಳುವ ಮೊದಲೇ ಅವಸರದಲ್ಲಿ ಬಾಣಲೆ ಇಳಿಸಿದವಳೂ ಅವಳೇ. ಅರೆಬೆಂದ ಇಂಗು ಬೆಳ್ಳುಳ್ಳಿಯಂತೆಯೇ ನಾರುತ್ತದೆ. ಮೂವತ್ತು ವರ್ಷ ಸಾರು ಕುದಿಸಿದ ಅವಳಿಗೆ ಅದು ತಿಳಿಯದ್ದೇನಲ್ಲ.

"ಬುಷ್ಷು ಸವೆದಿದೆ," ಮುಸ್ತಕೀಮ ತಲೆಯೆತ್ತದೆ ಹೇಳಿದ. "ಗೊಜ್ಜು ಇಳಿದು, ಕಾದು, ಪಾಕ ಆಗಿ ಹಿಡ್ಕೊಂಡಿದೆ. ಅದರ ಮೇಲೆ ಇಕ್ಕಳ."

"ಇಕ್ಕಳ ಹಾಕಿದ್ದು ನಾನೇ," ಅಂದಳು ದಿವ್ಯಾ. "ತಳದಲ್ಲಿ ಸೋರ್ತಿತ್ತು. ಬಿಚ್ಚಿ ತೊಳೆಯೋಣ ಅಂತ ಹೋದೆ, ಪೂರಾ ಕಚ್ಕೊಂತು."

"ಮತ್ತೆ ಯಾಕೇ ಬಚ್ಚಿಟ್ಟೆ ಮಾರಾಯ್ತಿ? ಹೇಳ್ಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ? ಒಂದು ವಾರದಿಂದ ನಮ್ಮನೆಗೆ ಬಂದಾಗೆಲ್ಲ ಮೊದಲು ಸಿಂಕ್ ಮೂಸ್ತಿದ್ರಿ ಅಕ್ಕ. ನಾನು ನೋಡ್ಲಿಲ್ಲ ಅನ್ಕೊಂಡ್ರಾ?"

ಸೀತಮ್ಮನಿಗೆ ತಾನು ಆಡಿದ ಮಾತು ಉಮಾಳಿಗೆ ನೆನಪಾಯಿತು. ಅದನ್ನು ಮುಚ್ಚಿಡಬಹುದಿತ್ತು. ಆದರೆ ಮೊಬೈಲು ತೆಗೆದು, ಸ್ಪೀಕರಿಗೆ ಹಾಕಿ, ಅಲ್ಲಿಯೇ ಫೋನ್ ಮಾಡಿದಳು.

"ಸೀತಮ್ಮ, ಅದು ಬೆಳ್ಳುಳ್ಳಿ ಅಲ್ಲ, ಇಂಗು. ನಾನೇ ಸರಿಯಾಗಿ ಹುರೀಲಿಲ್ಲ. ದಿವ್ಯಾನ ಮೇಲೆ ಹಾಕಿದ್ದು ನನ್ನ ತಪ್ಪು. ನೀವು ಇನ್ಯಾರಿಗಾದ್ರೂ ಹೇಳಿದ್ರೆ, ಇದನ್ನೂ ಹೇಳ್ಬಿಡಿ."

ಊರಾಚೆಯವರಿಗೂ ತನ್ನ ಹೆಸರು ಮುಟ್ಟಿದೆ ಎಂದು ದಿವ್ಯಾಳಿಗೆ ಗೊತ್ತಾದದ್ದು ಆಗಲೇ. ಮುಸ್ತಕೀಮ ಹೊಸ ಬುಷ್ಷು, ವಾಷರು, ಕಪ್ಲರು ಹಾಕಿ, ಬ್ಲೇಡನ್ನು ಬೆರಳಿನಿಂದ ತಿರುಗಿಸಿ ತೋರಿಸಿದ.

ವಾಪಸು ಬಸ್ಸಿನಲ್ಲಿ ದಿವ್ಯಾ ಹಿಂದಿನ ಸೀಟಿನಲ್ಲಿ ಕೂತಳು. ಕಾಗದನಗರದಲ್ಲಿ ಇಳಿದ ಮೇಲೆ ಹೇಳಿದಳು: "ಮಿಕ್ಸಿ, ಜಾರು ಎಲ್ಲ ನಿಮ್ಮನೇಲೇ ಇರ್ಲಿ ಅಕ್ಕ. ನಾನು ಬಂದು ರುಬ್ಬಿಕೊಡ್ತೀನಿ. ನೀವು ಎದುರಿಗೇ ಕೂತಿರಿ."

"ಹಾಗೆಲ್ಲ ಬೇಡ ಕಣೇ."

"ಬೇಕು. ನಿಮಗಲ್ಲ, ನನಗೆ."

ಉಮಾ ಒತ್ತಾಯ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ದಿವ್ಯಾ ಬಂದಳು, ಸೆರಗು ಸಿಕ್ಕಿಸಿಕೊಂಡು ಹುಣಸೆ ನೆನೆಹಾಕಿದಳು. ಅವಳು ರುಬ್ಬುವಷ್ಟು ಹೊತ್ತೂ ಉಮಾ ಹಿತ್ತಲಿನಲ್ಲಿ ಮೆಣಸಿನಕಾಯಿ ಒಣಹಾಕುತ್ತಾ ನಿಂತಳು, ಒಳಗೆ ಒಮ್ಮೆಯೂ ಇಣುಕಲಿಲ್ಲ.