ಪೂಜೆಗೆ ಕೂತ ಪೆನ್‌ಡ್ರೈವ್

ಬಿಸಿಲಲ್ಲೂ ಎರಡು ಕೊಡೆ ಹಿಡಿದು ಹೋಗುವವಳು ಅಂತ ನನ್ನ ಗಂಡ ವಸಂತ ನನ್ನನ್ನು ಊರೆಲ್ಲ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಬೊಮ್ಮಸಂದ್ರದಲ್ಲಿ ನಮ್ಮದು ಒಂದೇ ಒಂದು ಕಂಪ್ಯೂಟರ್ ಇರುವ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಔಷಧಿ ಕಂಪನಿಗಳ ಲೇಬಲ್ಲು, ಎಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ. ಅದೊಂದು ಮಲಗಿದರೆ ನಾವೂ ಮಲಗಿದ ಹಾಗೆ. ಅದಕ್ಕೇ ಅದು ಸುಖವಾಗಿದ್ದಾಗಲೇ ಒಂದು ಪೆನ್‌ಡ್ರೈವಿನಲ್ಲಿ, ಅದು ಏಳದೆ ಹೋದರೆ ಎಬ್ಬಿಸುವ ರಿಕವರಿ ಡ್ರೈವ್ ಮಾಡಿ, ಕಳೆದುಹೋಗದಿರಲಿ ಅಂತ ಕೆಂಪು ದಾರ ಕಟ್ಟಿ, ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಹೊಸದೇನನ್ನು ಹಾಕುವುದಿದ್ದರೂ ಮೊದಲು ರಿಸ್ಟೋರ್ ಪಾಯಿಂಟ್ ಮಾಡುತ್ತೇನೆ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು ಅಂತ. ಕೆಲಸವನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕನ್ನು ಬಿಚ್ಚಿ, ನನ್ನ ಊಟದ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇನೆ. ಚಿತ್ರಾನ್ನದ ಜೊತೆ ಡಿಸ್ಕ್ ತಿಂದುಬಿಟ್ಟೀಯ ಅನ್ನುತ್ತಾನೆ ವಸಂತ.

ಆ ವರ್ಷದ ಆಯುಧಪೂಜೆಯ ದಿನ ಸಿದ್ದಕ್ಕನ ಮಗಳ ಲಗ್ನಪತ್ರಿಕೆ ಪ್ರಿಂಟ್ ಆಗಬೇಕಿತ್ತು. ಸಿದ್ದಕ್ಕ ಲಿಂಗಸುಗೂರಿನ ಕಡೆಯವಳು, ಇಲ್ಲಿ ಕಟ್ಟಡದ ಕೆಲಸ ಮಾಡುತ್ತಾಳೆ. ಗಂಡ ಇಲ್ಲ. ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಳು. ಕೈಯಲ್ಲಿ ಪತ್ರಿಕೆ ಹಿಡಿದು ಮನೆ ಮನೆಗೆ ಹೋಗಿ ಕರೆಯದಿದ್ದರೆ ಅವಳ ಬೀಗರು, ಬಂಧುಗಳು ಯಾರೂ ಬರುವುದಿಲ್ಲ. ಗಂಡಸಿಲ್ಲದ ಮನೆಯ ಮದುವೆ, ಹಾಗಾಗಿ ಕರೆಯುವುದು ಇನ್ನೂ ಚೊಕ್ಕವಾಗಿ ಆಗಬೇಕು ಅಂತ ಅವಳ ಹಟ. ಬೆಳಿಗ್ಗೆ ಫೋನು ಮಾಡಿ ವರನ ಸೋದರಮಾವನ ಹೆಸರು ಸೇರಿಸಲು ಹೇಳಿದಳು. ನಾನು ಸೇರಿಸಿ, ಹಾರ್ಡ್‌ಡಿಸ್ಕಿಗೂ ಕಾಪಿ ಮಾಡಿದೆ. ಅಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಅಪ್‌ಡೇಟ್‌ಗೆ ಕೂತು, ಆಫ್ ಮಾಡಬೇಡಿ ಅಂತ ಪರದೆಯ ಮೇಲೆ ಬರೆದುಕೊಂಡಿತು. ಅದು ಮುಗಿಯುವಷ್ಟರಲ್ಲಿ ಬೂದುಗುಂಬಳಕಾಯಿ ತಂದುಬಿಡೋಣ, ಮೊದಲು ಪ್ರಿಂಟು, ಆಮೇಲೆ ಪೂಜೆ ಅಂದುಕೊಂಡು, ಇದನ್ನು ಯಾರೂ ಮುಟ್ಟಕೂಡದು ಅಂತ ವಸಂತನಿಗೆ ಹೇಳಿ ಚಂದಾಪುರದ ಸಂತೆಗೆ ಹೋದೆ. ಅಲ್ಲಿ ಕುಂಬಳಕಾಯಿ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡೆ.

ವಾಪಸ್ ಬಂದರೆ ಅಂಗಡಿ ಘಮಘಮ ಅನ್ನುತ್ತಿತ್ತು. ಕಟ್ಟಡದ ಓನರ್ ಸೊಣ್ಣಮ್ಮಜ್ಜಿ ಹೂವು ಬಾಡುತ್ತದೆ ಅಂತ ಪೂಜೆ ಮುಗಿಸಿಬಿಟ್ಟಿದ್ದರು. ಕಟಿಂಗ್ ಮೆಷಿನ್ನಿಗೆ ವಿಭೂತಿ, ಪ್ರಿಂಟರಿಗೆ ಚೆಂಡುಹೂವು, ಮೌಸಿಗೆ ಗಂಧ. ಪೂಜೆಯಾದ ಮೇಲೆ ಆಯುಧಗಳು ಮಾರನೆಯ ಬೆಳಿಗ್ಗೆಯವರೆಗೆ ವಿಶ್ರಾಂತಿ ಪಡೆಯಬೇಕು ಅನ್ನುವುದು ಅಜ್ಜಿಯ ನೇಮ. ಅದಕ್ಕೆ ಮೈನ್ ಸ್ವಿಚ್ಚನ್ನೇ ಇಳಿಸಿದ್ದರು. ಯುಪಿಎಸ್ ಕೀಂ ಕೀಂ ಅಂತ ಬಾಯಿ ಬಡಿದುಕೊಂಡಿದೆ. ಈ ಮಹಾನುಭಾವ ವಸಂತ ಅದರ ತಾಳಕ್ಕೆ ಸರಿಯಾಗಿ ಗಂಟೆ ಅಲ್ಲಾಡಿಸಿ ಮಂಗಳಾರತಿ ಎತ್ತಿದ್ದಾನೆ. ಬ್ಯಾಟರಿ ಖಾಲಿಯಾಗಿ ಯುಪಿಎಸ್ ಸುಮ್ಮನಾದಾಗ, ಮೆಷಿನ್ನಿಗೆ ನಿದ್ದೆ ಹತ್ತಿತು ಅಂತ ಇಬ್ಬರೂ ಕೈ ಮುಗಿದಿದ್ದಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. ಮುಟ್ಟಬೇಡ ಅಂದಿದ್ದೆ ನೀನು, ನಾನು ಮುಟ್ಟಲಿಲ್ಲವಲ್ಲ ಅಂತ ವಸಂತ ವಾದಕ್ಕೆ ನಿಂತ. ಕುಂಬಳಕಾಯಿಯನ್ನು ಅವನ ತಲೆಗೇ ಒಡೆಯಬೇಕು ಅನ್ನಿಸಿತು. ಮೈನ್ ಎತ್ತಿ ಕಂಪ್ಯೂಟರ್ ಆನ್ ಮಾಡಿದೆ. ಚುಕ್ಕೆಗಳು ಸುತ್ತಿದವು, ಪರದೆ ಕಪ್ಪಾಯಿತು, ಮತ್ತೆ ಚುಕ್ಕೆ, ಮತ್ತೆ ಕಪ್ಪು. ಅರ್ಧ ಅಪ್‌ಡೇಟಿನಲ್ಲಿ ಕರೆಂಟ್ ಹೋಗಿ ವಿಂಡೋಸ್ ಎದ್ದು ಕೂರಲಾರದೆ ಹೊರಳಾಡುತ್ತಿತ್ತು. ಆ ಹೊತ್ತಿಗೇ ಸಿದ್ದಕ್ಕ ಗಂಟುಮೂಟೆ ಸಮೇತ ಬಂದು ಬಾಗಿಲಲ್ಲಿ ನಿಂತಳು.

ಫೈಲು ಬ್ಯಾಗಿನಲ್ಲಿದೆ, ಎಲ್ಲೂ ಹೋಗಿಲ್ಲ ಅಂತ ಅವಳಿಗೆ ಹೇಳಿದೆ. ಆದರೆ ಬೀದಿಯ ಬೇರೆ ಅಂಗಡಿಗಳೆಲ್ಲ ಪೂಜೆ ಮುಗಿಸಿ ಬಾಗಿಲು ಹಾಕಿದ್ದವು. ನಮ್ಮದೇ ಏಳಬೇಕಿತ್ತು. ಮೊಳೆಗೆ ಕೈ ಹಾಕಿದೆ. ಮೊಳೆ ಬರಿದು.

ನನ್ನ ರಿಕವರಿ ಡ್ರೈವು ಪೂಜೆಯ ಮಣೆಯ ಮೇಲೆ, ಕತ್ತರಿಗೂ ಬ್ಲೇಡಿಗೂ ನಡುವೆ, ಮೈತುಂಬ ಅರಿಶಿನ ಬಳಿದುಕೊಂಡು ಕೂತಿತ್ತು. ಕೆಂಪು ದಾರ ನೋಡಿ, ಇದು ಯಾವುದೋ ದೇವಸ್ಥಾನದ್ದು ಅಂತ ಅಜ್ಜಿ ಅದಕ್ಕೇ ನಡುಮಧ್ಯದ ಜಾಗ ಕೊಟ್ಟಿದ್ದರು. ಎತ್ತಲು ಹೋದರೆ ನನ್ನ ಕೈ ಹಿಡಿದುಕೊಂಡರು. ಪೂಜೆಗೆ ಕೂತಿದ್ದನ್ನು ಎಬ್ಬಿಸಿದರೆ ವರ್ಷವೆಲ್ಲ ಕೆಡುಕು ಅಂದರು. ನಾನು ಬೇಡಿಕೊಂಡೆ, ರೇಗಿದೆ, ಅಂಗಡಿ ಬೇರೆ ಕಡೆ ನೋಡ್ಕೋತೀನಿ ಅಂತಲೂ ಹೆದರಿಸಿದೆ. ಅಜ್ಜಿ ಹಿಡಿದ ಕೈ ಬಿಡಲಿಲ್ಲ.

ಆಗ ಸಿದ್ದಕ್ಕ ಗಂಟು ಕೆಳಗಿಟ್ಟು ಅಜ್ಜಿಯ ಎದುರು ಕೂತಳು. ಅಳಲಿಲ್ಲ. "ಯವ್ವಾ, ನೀವ್ ಹಿರೇರು. ಹಬ್ಬದ ದಿನ ಕೂಸು ಹುಟ್ಟಾಕ ಬಂದ್ರ ನಾಳೆ ಬಾ ಅಂತೀರೇನು?" ಅಂದಳು.

ಸೊಣ್ಣಮ್ಮಜ್ಜಿ ಹಳೆಯ ಕಾಲದಲ್ಲಿ ಈ ಊರಿಗೆಲ್ಲ ಹೆರಿಗೆ ಮಾಡಿಸಿದವರು ಅನ್ನುವುದು ಸಿದ್ದಕ್ಕನಿಗೆ ಗೊತ್ತಿರಲಿಲ್ಲ. ಅಜ್ಜಿ ಅವಳ ಮುಖವನ್ನೇ ನೋಡಿದರು. ಆಮೇಲೆ ಪಕಪಕ ನಗತೊಡಗಿದರು.

"ನಮ್ ಕೃಷ್ಣಪ್ಪ ಉಟ್ಟಿದ್ದು ಆಯುಧಪೂಜೆ ದಿನಾನೇ ಕಣವ್ವ. ಪೂಜೆಗಿಟ್ಟಿದ್ ಕುಡ್ಲು ಎತ್ಕೊಂಡೇ ಒಕ್ಕಳಬಳ್ಳಿ ಕುಯ್ದಿದ್ದು ನಮ್ಮತ್ತೆ. ಏನಾಗೈತೆ ಅವನಿಗೆ, ಗುಂಡ್ಕಲ್ ಇದ್ದಂಗವ್ನೆ."

ಆ ಗುಂಡುಕಲ್ಲು ಅಂದರೆ ಅವರ ಮಗ. ಅಜ್ಜಿ ಕರ್ಪೂರ ಹಚ್ಚಿ, ಕ್ಷಮಿಸಪ್ಪ ಅಂತ ಪೆನ್‌ಡ್ರೈವಿಗೆ ಕೈ ಮುಗಿದು, ತಾವೇ ಎತ್ತಿ ನನ್ನ ಅಂಗೈಗಿಟ್ಟರು. ನನಗೆ ನಗು ತಡೆಯಲಾಗಲಿಲ್ಲ.

ಹತ್ತಿಬಟ್ಟೆಯಿಂದ ಅರಿಶಿನ ಒರೆಸಿ, ಊದಿ, ಸಿಕ್ಕಿಸಿದೆ. ಆನ್ ಮಾಡುತ್ತಲೇ ಬೂಟ್ ಮೆನುವಿನ ಕೀ ಒತ್ತಿ ಪೆನ್‌ಡ್ರೈವನ್ನೇ ಆರಿಸಿದೆ. ನೀಲಿ ಪರದೆ ಬಂತು. ಟ್ರಬಲ್‌ಶೂಟ್, ಅದರೊಳಗೆ ಸಿಸ್ಟಮ್ ರಿಸ್ಟೋರ್. ಪಟ್ಟಿಯಲ್ಲಿ ನಾನೇ ಹೆಸರಿಟ್ಟ ಪಾಯಿಂಟು ಕಂಡಿತು: ಹೊಸ ಪ್ರಿಂಟರಿಗೆ ಮುಂಚೆ. ಭಾನುವಾರ ಪ್ರಿಂಟರ್ ಹಾಕುವ ಮೊದಲು ಮಾಡಿದ್ದದು. ಕುಣಿದುಬಿಡಬೇಕು ಅನ್ನಿಸಿತು. ಕ್ಲಿಕ್ ಮಾಡಿದೆ.

ಶುರುವಾದ ಮೇಲೆ ನಡುವೆ ನಿಲ್ಲಿಸಬಾರದು, ಯುಪಿಎಸ್‌ನಲ್ಲಿ ಜೀವ ಇಲ್ಲ ಅಂದೆ. ತಕ್ಷಣ ವಸಂತ ಮೈನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ. ಅಜ್ಜಿ ಸ್ಟೂಲು ಹಾಕಿಕೊಂಡು ಅವನನ್ನು ಕಾಯಲು ಕೂತರು. ಸಿದ್ದಕ್ಕ ಎಲ್ಲರಿಗೂ ತನ್ನ ಗಂಟಿನ ಶೇಂಗಾ ಹೋಳಿಗೆ ಹಂಚಿದಳು. ಚುಕ್ಕೆಗಳು ಸುತ್ತುತ್ತಲೇ ಇದ್ದವು. ಕಂಪ್ಯೂಟರ್ ರಿಸ್ಟಾರ್ಟ್ ಆಗಿ ನಮ್ಮ ಹಳೆಯ ಡೆಸ್ಕ್‌ಟಾಪ್ ಬಂದಾಗ ವಸಂತ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಅಜ್ಜಿಯ ಎದುರಿಗೇ.

ಪತ್ರಿಕೆಯ ಫೈಲು ಇದ್ದ ಜಾಗದಲ್ಲೇ ಇತ್ತು, ರಿಸ್ಟೋರ್ ಅದನ್ನು ಮುಟ್ಟಿರಲಿಲ್ಲ. ಸೋದರಮಾವನೂ ಕ್ಷೇಮ. ಕಳೆದುಹೋಗಿದ್ದು ಭಾನುವಾರ ಹಾಕಿದ್ದ ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರ್ ಮಾತ್ರ. ಅದರ ಸಿಡಿ ಡ್ರಾಯರಿನಲ್ಲಿತ್ತು, ಮತ್ತೆ ಹಾಕಿದೆ. ಚೆಂಡುಹೂವಿನ ದಂಡೆ ತೊಟ್ಟುಕೊಂಡೇ ಪ್ರಿಂಟರ್ ಒಂದೊಂದಾಗಿ ಪತ್ರಿಕೆ ಉಗುಳತೊಡಗಿತು.

ಸಿದ್ದಕ್ಕ ಮೊದಲನೆಯದನ್ನು ಎತ್ತಿಕೊಂಡಳು. ಅವಳಿಗೆ ಓದು ಬರದು, ಮಗಳ ಹೆಸರು ಎಲ್ಲಿದೆ ಅಂತ ಕೇಳಿ ಅದರ ಮೇಲೆ ಬೆರಳಾಡಿಸಿದಳು. ಮೊದಲ ಪತ್ರಿಕೆ ಮನೆದೇವರಿಗೆ, ಅದು ಎಲ್ಲ ಕಡೆಯ ಪದ್ಧತಿ. ಅದನ್ನು ಬೇರೆಯೇ ತೆಗೆದಿಡುತ್ತಾಳೆ ಅಂದುಕೊಂಡೆ. ಅವಳು ಮಣೆಯ ಮೇಲಿನ ಅರಿಶಿನವನ್ನು ಪತ್ರಿಕೆಯ ಮೂಲೆಗಳಿಗೆ ಹಚ್ಚಿದಳು. ನಾನು ಕಂಪ್ಯೂಟರಿನಿಂದ ಬಿಚ್ಚಿ ಮತ್ತೆ ಮಣೆಗೆ ತಂದಿಟ್ಟಿದ್ದ ಪೆನ್‌ಡ್ರೈವಿನ ಮುಂದೆ ಆ ಪತ್ರಿಕೆಯನ್ನಿಟ್ಟು, ಸೆರಗು ಹೊದ್ದು, ತಲೆಬಾಗಿದಳು.

"ಮನಿಮಂದಿ ಎಲ್ಲಾ ಕೂಡಿ ಬರಬೇಕ್ರೀ" ಅಂದಳು ಅದಕ್ಕೆ.