ಟೈಮ್‌ಲೈನಿನ ಮೊದಲ ಸಾಲು

"ಅಲ್ಲಾ, ಡಿಸ್ಕ್ ತುಂಬಿ ತುಳುಕೋವರೆಗೂ ಈ ಅಲಾರಂ ಯಾಕೆ ಬಾಯಿ ಬಿಡ್ಲಿಲ್ಲ?"

ಎಲ್ಲರೂ 'ಅಕ್ಕ' ಎನ್ನುತ್ತಿದ್ದ ಆಪರೇಷನ್ಸ್ ತಂಡದ ಇಂಜಿನಿಯರ್ ಖಾಲಿ ಮೀಟಿಂಗ್ ರೂಮಿನ ಗೋಡೆಯನ್ನೇ ಕೇಳಿದಳು. ಹಿಂದಿನ ದಿನ ಹಳೆಯ ಲಾಗ್ ದಾಖಲೆಗಳನ್ನು ಅಳಿಸುವ ಪ್ರೋಗ್ರಾಂ ಕೈಕೊಟ್ಟು, ಸರ್ವರ್‌ನಲ್ಲಿ ಜಾಗ ಮುಗಿದು, ಟಿಕೆಟ್ ಬುಕಿಂಗ್ ನಿಂತುಹೋಗಿತ್ತು. ಮಧ್ಯಾಹ್ನದ ಪರಿಶೀಲನಾ ಸಭೆಗೆ ಸ್ಲೈಡ್ ಮಾಡುವ ಕೆಲಸ ಅವಳ ತಲೆಗೆ ಬಿದ್ದಿತ್ತು.

ಕೆದಕಿದಾಗ ಉತ್ತರ ಸಿಕ್ಕಿತು. ಭಾನುವಾರದ ರಿಪೇರಿಗೆಂದು ಅಲಾರಂ ಮ್ಯೂಟ್ ಮಾಡಿದವರು ಮತ್ತೆ ಆನ್ ಮಾಡಲು ಮರೆತಿದ್ದರು. ಹಾಗೆ ಮರೆತವರು ಸಾಕ್ಷಾತ್ ತಂಡದ ಮ್ಯಾನೇಜರ್! ಅಕ್ಕ ನಗು ನುಂಗಿಕೊಂಡು, ಯಾರ ಹೆಸರನ್ನೂ ಹಾಕದೆ, ಅದನ್ನು ಯಾವಾಗ ಏನಾಯಿತೆಂಬ ಟೈಮ್‌ಲೈನಿನ ಮೊದಲ ಸಾಲಾಗಿ ಬರೆದಳು. ಮೂಲ ಕಾರಣದ ಸ್ಲೈಡಿನಲ್ಲಿ ಲಾಗಿನ ಕಥೆಯ ಜೊತೆಗೆ 'ಮ್ಯೂಟ್‌ಗೆ ಗಡುವಿಲ್ಲ' ಎಂದೂ ಸೇರಿಸಿದಳು. ರಿಪೇರಿಯ ಅವಧಿ ಮುಗಿದೊಡನೆ ಅಲಾರಂ ತಾನಾಗಿಯೇ ಆನ್ ಆಗಬೇಕೆಂಬುದು ಪರಿಹಾರ ಕ್ರಮಗಳಲ್ಲಿ ಸೇರಿತು.

ಚಹಾ ಹೀರುತ್ತಾ ಬಂದ ಮ್ಯಾನೇಜರ್ ಸ್ಲೈಡ್ ಓದಿ ಕೆಮ್ಮಿದರು.

"ಏನಮ್ಮಾ, ಮೀಟಿಂಗಲ್ಲಿ ಡೈರೆಕ್ಟರ್ ಮುಂದೆ ನನ್ನ ಮಾನ ಹರಾಜು ಹಾಕ್ತೀಯಾ?"

"ನಿಮ್ಮ ಹೆಸರೆಲ್ಲಿದೆ ಸಾರ್?"

"ಅವರು ಯಾರು ಅಂತ ಕೇಳ್ದೆ ಬಿಡ್ತಾರಾ? ಇದನ್ನ ತೆಗೆದು, 'ಪಾಳಿಯವರು ಗಮನಿಸಲಿಲ್ಲ' ಅಂತ ಹಾಕ್ಬಿಡು."

ಹಿಂದಿನ ದಿನ ಪಾಳಿಯಲ್ಲಿದ್ದವನು ಗೊಣಗಪ್ಪನೆಂದೇ ಹೆಸರಾದ ಹಿರಿಯ ಸಹೋದ್ಯೋಗಿ.

"ಅಲಾರಂ ಕೂಗಿದ್ರೆ ತಾನೇ ಸಾರ್ ಗೊಣಗಪ್ಪ ನೋಡೋದು? ಅವನಿಗೆ ಈಗಾಗ್ಲೇ ಒಂದು ಮೆಮೊ ಬಂದಿದೆ. ಇನ್ನೊಂದು ಬಂದ್ರೆ ಕೆಲಸಕ್ಕೇ ಕುತ್ತು."

"ಒಂದೇ ಒಂದು ಸಾಲು ಕಣಮ್ಮಾ. ಅಳಿಸ್ಬಿಡು."

"ಅಳಿಸಲ್ಲ ಸಾರ್."