ಮೊದಲು ಕರೆದ ಹಾಲು

ಭತ್ತದ ಒಕ್ಕಣೆಯ ದಿನಗಳು. ಅಕ್ಕಿಹೆಬ್ಬಾಳಿನ ಹಾಲಿನ ಡೈರಿಯಿಂದ ಲಾರಿ ಹೊರಟ ಮೇಲೆ ಹಾಲು ಪರೀಕ್ಷೆ ಮಾಡುವ ದೇವಯ್ಯ ಕ್ಯಾನು ತೊಳೆಯುತ್ತಿದ್ದ. ಒಳಗೆ ಮೀಟಿಂಗ್ ಕೋಣೆಯಲ್ಲಿ ನಾಗಮಂಗಲದ ತಿಮ್ಮೇಶ, ಫ್ಯಾಟು ಅಳೆಯುವ ಮಿಷನ್ನನ್ನು ಮೇಜಿನ ಮೇಲಿಟ್ಟು ಸಂಘದ ನಿರ್ದೇಶಕರೆದುರು ನಿಂತಿದ್ದ. ಈ ತಿಂಗಳೂ ಒಂದು ಮಿಷನ್ನು ಮಾರದಿದ್ದರೆ ಕಂಪನಿಗೆ ಬರಬೇಡ ಎಂದು ಮ್ಯಾನೇಜರು ಹೇಳಿದ್ದರು.

"ಅರ್ಧ ಊರು ಹಾಲನ್ನ ಪ್ರೈವೇಟ್ ಡೈರಿಯವನ ಕ್ಯಾನಿಗೆ ಸುರೀತಾವ್ರೆ. ಯಾಕಣ್ಣ?" ಎಂದ.

"ಅವ್ನು ಕಾಸು ಜಾಸ್ತಿ ಕೊಡ್ತಾನೆ," ಎಂದರು ಅಧ್ಯಕ್ಷ ಚಿಕ್ಕಸ್ವಾಮಿ.

"ಅಲ್ಲ ಬುಡಿ. ಇಲ್ಲಿ ಹಾಲು ಹಾಕಿ ಹೊಲಕ್ಕೆ ಹೋಗ್ತಾರೆ. ಆಮೇಲೆ ಆಸಿಡ್ ಹಾಕಿ ತಿರುಗ್ಸಿ ಫ್ಯಾಟು ಬರೀತೀರಿ. ಅವರ ಕಣ್ಣಿಗೆ ಬೀಳೋದು ನಾಳೆ. ಅದಕ್ಕೇ ನಂಬಿಕೆ ಇಲ್ಲ. ಇದ್ರಲ್ಲಿ ಚೆಂಬು ಕೈಲಿರೋವಾಗ್ಲೇ ಅಂಕಿ ಕಾಣ್ತದೆ."

"ಮಾತು ಸಾಕು, ತೋರ್ಸಯ್ಯ," ಎಂದು ಚಿಕ್ಕಸ್ವಾಮಿ ತಮ್ಮ ಮನೆಯಿಂದ ತಂದಿದ್ದ ಹಿತ್ತಾಳೆ ಚೆಂಬನ್ನು ಮುಂದೆ ತಳ್ಳಿದರು.

ತಿಮ್ಮೇಶ ಮೊದಲು ಸೊನ್ನೆ ಹೊಂದಿಸಿದ. ಹಾಲನ್ನು ಕದಡಿ, ದ್ರಾವಣ ಬೆರೆಸಿ, ಹಿಡಿಕೆ ಒತ್ತಿದ. ಕೆಂಪು ಅಂಕಿಗಳು ಹೊತ್ತಿದವು: ೨.೧.

ಮೂರೂವರೆಯಾದರೂ ಇರಬೇಕಿತ್ತು.

"ಅಂಗಂದ್ರೆ ನಮ್ಮನೇಲಿ ನೀರು ಬೆರಸ್ತೀವಿ ಅಂತೀಯೇನ್ಲಾ?" ಎಂದರು ಚಿಕ್ಕಸ್ವಾಮಿ.

ಮಿಷನ್ನು ಇನ್ನೂ ಕಾದಿಲ್ಲ ಎಂದುಬಿಟ್ಟರೆ ಅಧ್ಯಕ್ಷರ ಮರ್ಯಾದೆ ಉಳಿಯುತ್ತಿತ್ತು. ಆದರೆ ಮಿಷನ್ನಿನ ಮಾನ ಅಲ್ಲಿಗೆ ಮುಗಿಯುತ್ತಿತ್ತು. ತಿಮ್ಮೇಶ ಮತ್ತೊಮ್ಮೆ ಅಳೆದ. ಅದೇ ಅಂಕಿ. ಬೆವರು ಒರೆಸಿಕೊಂಡು ಚೆಂಬನ್ನೇ ನೋಡಿದ. ಅದರ ಕುತ್ತಿಗೆಗೆ ಅರಿಶಿನ ಮೆತ್ತಿತ್ತು.

"ಅಣ್ಣ, ಇದು ದೇವ್ರಿಗೆ ಅಂತ ಎತ್ತಿಟ್ಟಿದ್ದಾ?"

"ಹೂಂ. ಮೊದ್ಲು ಕರೆದಿದ್ದು. ಅದಕ್ಕಿಂತ ಶುದ್ಧ ಯಾವ್ದು?"

ನಿರ್ದೇಶಕಿ ದ್ಯಾವಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು. "ಶುದ್ಧ ಸರಿ ಚಿಕ್ಕಸ್ವಾಮಣ್ಣ, ಕೆನೆ ಎಲ್ಲೈತೆ? ಕೆನೆ ಇಳಿಯೋದು ಕರೆಯೋ ಕೊನೇಗಲ್ವಾ?"

"ಮಿಷನ್ನು ಈ ಚೆಂಬಿನ ನಿಜ ಹೇಳ್ತು," ಎಂದ ತಿಮ್ಮೇಶ. "ಹಾಲು ಎದುರಿಗೇ ಇತ್ತು, ಅದಕ್ಕೆ ಕೇಳಿ ತಿಳ್ಕೊಂಡ್ವಿ. ನಾಳೆ ಗೊತ್ತಾಗಿದ್ರೆ? ಯಾರಿಗೋ ಕಳ್ಳ ಅಂತಿದ್ವಿ. ನಿಮ್ಮ ಡೈರೀಲಿ ದಿನಾ ಆಗ್ತಿರೋದು ಇದೇ."

"ಆಗೈತೆ," ಎಂದಳು ದ್ಯಾವಮ್ಮ, ಈಗ ನಗದೆ. "ಹೋದ ತಿಂಗ್ಳು ಚಿಕ್ಕಸ್ವಾಮಣ್ಣನ ಮನೆ ಕರು ಹಗ್ಗ ಕಿತ್ಕೊಂಡು ಕೊನೆ ಹಾಲೆಲ್ಲ ಕುಡ್ಕೊಂಬುಡ್ತು. ಅವತ್ತು ಫ್ಯಾಟು ಕಮ್ಮಿ ಬಂತು. ಸುಳ್ಳು ಅಂಕಿ ಬರೆದ ಅಂತ ಇವರ ಬಾಯಲ್ಲಿ ಕಳ್ಳ ಅನ್ನಿಸ್ಕೊಂಡಿದ್ದು ದೇವಯ್ಯ."

ಹೊರಗೆ ಕ್ಯಾನು ತೊಳೆಯುವ ಸದ್ದು ನಿಂತಿತು.

ಚಿಕ್ಕಸ್ವಾಮಿ ಚೆಂಬನ್ನು ತಮ್ಮತ್ತ ಎಳೆದುಕೊಂಡರು. "ಒಂದು ಮಿಷನ್ನು ಇಲ್ಲೇ ಇರ್ಲಿ," ಎಂದರು ತಿಮ್ಮೇಶನಿಗೆ. ಉಳಿದವರು ತಲೆಯಾಡಿಸಿದರು.

ಆಮೇಲೆ ಅವರು ಬಾಗಿಲಿನತ್ತ ತಿರುಗಿದರು. ಅಲ್ಲಿ ದೇವಯ್ಯ ಒದ್ದೆ ಕೈಯಲ್ಲಿ ನಿಂತಿದ್ದ. ಹೇಳಬೇಕಾಗಿದ್ದುದು ತಪ್ಪಾಯ್ತು ಎಂಬ ಒಂದೇ ಮಾತು.

"ದೇವಯ್ಯ," ಎಂದರು, "ಎಲ್ರಿಗೂ ಕಾಫಿ ಹೇಳಪ್ಪ."